ಆರು ಕಿಲೋ ಒಳಗೆ ಹೋಗಿ ನಾನೂರು ಗ್ರಾಂ ಹೊರಬಂದದ್ದು

(ಅಂತಿಮ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ತಗಡಿನ ಕೆಲಸ ಮಾಡುವ ಕಾರ್ಖಾನೆಯೊಂದರಲ್ಲಿ ಉತ್ಪಾದನೆ ನೋಡಿಕೊಳ್ಳುತ್ತೇನೆ. ಹೊಸಬರನ್ನು ತೆಗೆದುಕೊಳ್ಳುವಾಗ ಸಂದರ್ಶನದ ಮೇಜಿನ ಈಚೆ ಬದಿಯಲ್ಲಿ ಕೂರುವವರಲ್ಲಿ ನಾನೂ ಒಬ್ಬ. "ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ" ಎಂದರೆ ಸೋಲಾರ್ ಡ್ರೈಯರ್ ಅನ್ನುವವರು ತುಂಬ ಜನ ಸಿಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ತಗಡು, ಗಾಜು, ಗಾಳಿ, ಶಾಖ, ತೂಕ ಎಲ್ಲವೂ ಅದರಲ್ಲಿವೆ, ಹಾಗಾಗಿ ಪ್ರಶ್ನೆ ಕೇಳಲು ನಮಗೂ ಸುಲಭ. ತೊಂದರೆ ಏನೆಂದರೆ ಮೊದಲ ಎರಡು ನಿಮಿಷ ಸೂರ್ಯನ ಮೇಲೇ ಖರ್ಚಾಗಿಬಿಡುತ್ತದೆ. ಸೌರಶಕ್ತಿ ನವೀಕರಿಸಬಹುದಾದ ಶಕ್ತಿ, ಪರಿಸರಕ್ಕೆ ಒಳ್ಳೆಯದು, ಇಂಧನ ಮುಗಿಯುತ್ತಾ ಬಂದಿದೆ... ಇಷ್ಟು ನಮಗೂ ಗೊತ್ತು. ನೀವು ಏನು ಮಾಡಿದಿರಿ ಅನ್ನುವುದು ಮಾತ್ರ ನಮಗೆ ಗೊತ್ತಿಲ್ಲ.

ಇನ್ನೊಂದು ತೊಂದರೆ ವ್ಯಾಕರಣದ್ದು. ಪ್ರಾಜೆಕ್ಟ್ ವರದಿಯ ಭಾಷೆ ಬಾಯಿಗೆ ಹತ್ತಿಬಿಟ್ಟಿರುತ್ತದೆ: ಅಳವಡಿಸಲಾಯಿತು, ಪರೀಕ್ಷಿಸಲಾಯಿತು, ಗಮನಿಸಲಾಯಿತು. ಅಳವಡಿಸಿದ್ದು ಯಾರು ಮಾರಾಯ್ರೆ? ನಾಲ್ಕು ಜನರ ತಂಡದಲ್ಲಿ ಡ್ರಿಲ್ ಹಿಡಿದವರು ಯಾರು, ರಾತ್ರಿ ಕೂತು ಪಟ್ಟಿ ಬರೆದವರು ಯಾರು? "ತೂತು ಕೊರೆದದ್ದು ನಾನು, ಫ್ಯಾನಿನ ವೈರಿಂಗ್ ಗೆಳೆಯನದು" ಅಂದರೆ ಒಂದೇ ವಾಕ್ಯದಲ್ಲಿ ವಿಷಯ ತೀರ್ಮಾನವಾಗುತ್ತದೆ.

ಇವತ್ತು ಒಂದೇ ಒಂದು ಸಂದರ್ಶನದ ಕಥೆ ಹೇಳುತ್ತೇನೆ. ಅಭ್ಯರ್ಥಿ ಒಬ್ಬಳು ಹುಡುಗಿ, ಹೆಸರು ಬೇಡ. ಅವಳು ಕೊಟ್ಟ ಉತ್ತರ ಹೆಚ್ಚು ಕಡಿಮೆ ಹೀಗಿತ್ತು:

"ಸರ್, ನಾವು ಮಾಡಿದ್ದು ಪರೋಕ್ಷ ಮಾದರಿಯ ಡ್ರೈಯರ್. ಅಂದರೆ ಬಿಸಿಲು ಪದಾರ್ಥದ ಮೇಲೆ ಬೀಳುವುದಿಲ್ಲ. ಒಂದೂವರೆ ಮೀಟರ್ ಉದ್ದ, ಒಂದು ಮೀಟರ್ ಅಗಲದ ಪೆಟ್ಟಿಗೆ, ಮೇಲೆ ಗಾಜು, ಗಾಜಿನ ಕೆಳಗೆ ಕಪ್ಪು ಬಳಿದ ಅಲ್ಯೂಮಿನಿಯಂ ತಗಡು. ತಗಡಿನ ಅಡಿಯಲ್ಲಿ 40 ಮಿಲಿಮೀಟರ್ ಸಂದು, ಅದರೊಳಗೆ ಫ್ಯಾನ್ ಗಾಳಿಯನ್ನು ತಳ್ಳುತ್ತದೆ. ಬಿಸಿಯಾದ ಗಾಳಿ ನಾಲ್ಕು ಟ್ರೇಗಳಿರುವ ಕಪಾಟಿನ ಕೆಳಗಿನಿಂದ ಹತ್ತಿ ಮೇಲಿನಿಂದ ಹೊರಗೆ ಹೋಗುತ್ತದೆ. ಆರು ಕಿಲೋ ಟೊಮೆಟೊ ಹೋಳು ಹಾಕಿದರೆ ಎರಡು ದಿನದಲ್ಲಿ ನಾನೂರು ಗ್ರಾಂ ಆಗುತ್ತದೆ. ತಗಡಿನ ಕೆಲಸ ಮತ್ತು ತೂಕದ ಅಳತೆ ನನ್ನದು. ಮೊದಲ ಸಲ ಹೋಳು ಸಮನಾಗಿ ಒಣಗಲಿಲ್ಲ. ಕಾರಣ ಹುಡುಕಲು ಮೂರು ವಾರ ಹಿಡಿಯಿತು."

ಅಷ್ಟೇ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಕೊನೆಯ ಎರಡು ವಾಕ್ಯ ಕೇಳಿ ನಾವು ಮೂರೂ ಜನ ಕುರ್ಚಿ ಮುಂದೆ ಎಳೆದುಕೊಂಡೆವು. ಆದರೆ ಅಲ್ಲಿಗೆ ಹೋಗುವ ಮೊದಲು ನನ್ನ ಪಕ್ಕದವರು ಅಂಕಿ ಹಿಡಿದರು. ಅವರು ಹಿಡಿಯುವುದು ಯಾವಾಗಲೂ ಅದನ್ನೇ.

"ಎಷ್ಟು ಶೇಕಡಾ ನೀರು ತೆಗೆದಿರಿ?"

ಈ ಪ್ರಶ್ನೆಗೆ ಬಹಳಷ್ಟು ಜನ ಬೀಳುತ್ತಾರೆ. ಟೊಮೆಟೊದಲ್ಲಿ ಸುಮಾರು 94 ಶೇಕಡಾ ನೀರು, ಕೊನೆಗೆ ಉಳಿದದ್ದು 10 ಶೇಕಡಾ, ಕಳೆದರೆ 84. ಹಾಗಾಗಿ "84 ಶೇಕಡಾ ತೆಗೆದೆವು ಸರ್" ಅನ್ನುತ್ತಾರೆ. ಇದು ತಪ್ಪು. ಎರಡು ಶೇಕಡಾಗಳ ಬುಡ ಬೇರೆ ಬೇರೆ: ಮೊದಲಿನದು ಆರು ಕಿಲೋದ ಶೇಕಡಾ, ಎರಡನೆಯದು ನಾನೂರು ಗ್ರಾಮಿನ ಶೇಕಡಾ. ಅವನ್ನು ಒಂದರಿಂದ ಒಂದು ಕಳೆಯಲು ಬರುವುದಿಲ್ಲ.

ಅವಳು ಕಾಗದ ಕೇಳಿ ಇಸಿದುಕೊಂಡಳು. ಡ್ರೈಯರಿನೊಳಗೆ ಬದಲಾಗದೆ ಉಳಿಯುವುದು ಒಂದೇ, ಒಣ ಪದಾರ್ಥ. ಆರು ಕಿಲೋದಲ್ಲಿ 6 ಶೇಕಡಾ ಅಂದರೆ 0.36 ಕಿಲೋ. ಕೊನೆಯಲ್ಲಿ ತೇವಾಂಶ 10 ಶೇಕಡಾ ಇದ್ದರೆ ಈ 0.36 ಕಿಲೋ ಉಳಿದ 90 ಶೇಕಡಾ ಆಗಬೇಕು. 0.36ನ್ನು 0.9ರಿಂದ ಭಾಗಿಸಿದರೆ 0.4 ಕಿಲೋ. ಮೊದಲಿದ್ದ ನೀರು 5.64 ಕಿಲೋ, ಉಳಿದದ್ದು 0.04, ಹೋದದ್ದು 5.6. ಅಂದರೆ ಇದ್ದ ನೀರಿನಲ್ಲಿ 99 ಶೇಕಡಾಕ್ಕಿಂತ ಹೆಚ್ಚು ಹೋಗಿದೆ. 84 ಎಲ್ಲಿ, 99 ಎಲ್ಲಿ!

ಇದನ್ನೇ ಒಣ ಪದಾರ್ಥದ ಲೆಕ್ಕದಲ್ಲಿ ಹೇಳಿದರೆ ಶುರುವಿನ ತೇವಾಂಶ 1500 ಶೇಕಡಾ ದಾಟುತ್ತದೆ, ಏಕೆಂದರೆ ಒಂದು ಕಿಲೋ ಒಣ ಪದಾರ್ಥಕ್ಕೆ 15 ಕಿಲೋಗೂ ಮೀರಿ ನೀರಿದೆ. ಒಣಗಿಸುವಿಕೆಯ ಬಗ್ಗೆ ಓದಿದವರಿಗೆ ಇದು ಮಾಮೂಲಿ. ಎದುರು ಕೂತವರು ಕಾರು ಬಿಡಿಭಾಗ ಮಾಡುವವರಾದರೆ ಬೆಚ್ಚಿಬೀಳುತ್ತಾರೆ. ಯಾವ ಲೆಕ್ಕದಲ್ಲಿ ಹೇಳುತ್ತಿದ್ದೀರಿ ಅನ್ನುವುದನ್ನು ಮೊದಲೇ ಹೇಳಿಬಿಡಿ. ಅದಕ್ಕಿಂತಲೂ ಒಳ್ಳೆಯದು, ಕಿಲೋದಲ್ಲಿ ಮಾತಾಡಿ. ಕಿಲೋಗೆ ಎರಡು ಅರ್ಥವಿಲ್ಲ.

ಮುಂದಿನ ಪ್ರಶ್ನೆ ದಕ್ಷತೆಯದು. "25 ಶೇಕಡಾ" ಎಂದಳು. ಹೇಗೆ ಬಂತು ಎಂದು ಕೇಳಿದೆವು. 50 ಡಿಗ್ರಿಯ ಆಸುಪಾಸಿನಲ್ಲಿ ಒಂದು ಕಿಲೋ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಬೇಕು. 5.6 ಕಿಲೋಗೆ ಸುಮಾರು 13.4 ಮೆಗಾಜೂಲ್. ಆ ಎರಡು ದಿನ ಅವಳ ಮಾಪಕ ದಿನಕ್ಕೆ, ಚದರ ಮೀಟರಿಗೆ ಸುಮಾರು 18 ಮೆಗಾಜೂಲ್ ಬಿಸಿಲು ತೋರಿಸಿತ್ತು. ಒಂದೂವರೆ ಚದರ ಮೀಟರಿಗೆ ದಿನಕ್ಕೆ 27, ಎರಡು ದಿನಕ್ಕೆ 54. 13.4ನ್ನು 54ರಿಂದ ಭಾಗಿಸಿದರೆ ಕಾಲು ಭಾಗ. ಇಲ್ಲಿಗೆ ನಿಲ್ಲಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಆದರೆ ಅವಳು ತಾನಾಗಿಯೇ ಮುಂದೆ ಹೋದಳು. "ಈ 25 ಸರಾಸರಿ ಸರ್. ಮೊದಲ ದಿನ ಸಂಜೆ ತೂಕ 1.8 ಕಿಲೋಗೆ ಇಳಿದಿತ್ತು. ಅಂದರೆ 4.2 ಕಿಲೋ ನೀರು ಒಂದೇ ದಿನದಲ್ಲಿ ಹೋಗಿತ್ತು. ಎರಡನೇ ದಿನ ಅಷ್ಟೇ ಬಿಸಿಲಿದ್ದರೂ ಹೋದದ್ದು 1.4 ಕಿಲೋ ಮಾತ್ರ. ಮೊದಲ ದಿನದ ದಕ್ಷತೆ 37, ಎರಡನೇ ದಿನದ್ದು 12."

ತಮಾಷೆಯ ವಿಷಯವೊಂದಿದೆ. 1.8 ಕಿಲೋದಲ್ಲಿ ಒಣ ಪದಾರ್ಥ 0.36, ಹಾಗಾಗಿ ಆ ಸಂಜೆಯ ತೇವಾಂಶ 80 ಶೇಕಡಾ. ನೀರಿನ ಮುಕ್ಕಾಲು ಪಾಲು ಹೋಗಿದೆ, ಶೇಕಡಾ ನೋಡಿದರೆ 94ರಿಂದ ಬರೀ 80ಕ್ಕೆ ಇಳಿದಂತೆ ಕಾಣುತ್ತದೆ! ಶೇಕಡಾದ ಗ್ರಾಫ್ ಮಾತ್ರ ನೋಡುವವರು ಮೊದಲ ದಿನ ಯಂತ್ರ ಸೋಮಾರಿ, ಎರಡನೇ ದಿನ ಚುರುಕು ಅಂದುಕೊಳ್ಳುತ್ತಾರೆ. ಪೂರ್ತಿ ಉಲ್ಟಾ. ಇಂಥ ಗ್ರಾಫುಗಳನ್ನು ಚಂದದ ಬೈಂಡಿನ ವರದಿಗಳಲ್ಲಿ ನಾನೇ ಕಂಡಿದ್ದೇನೆ.

ಎರಡನೇ ದಿನ ಏಕೆ ನಿಧಾನ? ಮೊದಮೊದಲು ಹೋಳಿನ ಮೈಮೇಲೆ, ಮೇಲ್ಪದರದಲ್ಲಿ ನೀರು ಧಾರಾಳವಾಗಿರುತ್ತದೆ, ಗಾಳಿ ಎಷ್ಟು ಹೊತ್ತೊಯ್ದರೆ ಅಷ್ಟು. ಆಮೇಲೆ ನೀರು ಒಳಗಿನಿಂದ ಹೊರಗೆ ಬರಬೇಕು. ಆ ದಾರಿ ಕಿರಿದು, ಮೇಲಿನ ಪದರ ಒಣಗುತ್ತಾ ಹೋದಂತೆ ಇನ್ನೂ ಕಿರಿದು. ಆಗ ಫ್ಯಾನ್ ಜೋರು ಮಾಡಿದರೆ ಒಣಗುವಿಕೆ ಜೋರಾಗುವುದಿಲ್ಲ. ಬದಲಾಗಿ ಕಲೆಕ್ಟರಿನಲ್ಲಿ, ಅಂದರೆ ಆ ಗಾಜಿನ ಪೆಟ್ಟಿಗೆಯಲ್ಲಿ, ಗಾಳಿ ಕಡಿಮೆ ಬಿಸಿಯಾಗಿ ಕೆಲಸ ಇನ್ನಷ್ಟು ತಡವಾಗಬಹುದು. ಅವಳ ತಂಡ ಎರಡನೇ ದಿನ ಫ್ಯಾನಿನ ವೇಗ ತಗ್ಗಿಸಿತ್ತು. ಇನ್ನೂ ಒಳ್ಳೆಯ ದಾರಿ ಇದೆಯಾ ಎಂದು ಕೇಳಿದೆ. "ಇದೆ ಸರ್, ಆದರೆ ಮಾಡಿ ನೋಡಿಲ್ಲ. ಅರೆ ಒಣಗಿದ ಟ್ರೇಗಳನ್ನು ಕೆಳಗಿಟ್ಟು, ಹೊಸ ಹೋಳನ್ನು ಮೇಲಿನ ಟ್ರೇಗಳಿಗೆ ಹಾಕಬಹುದು. ಬಿಸಿ ಒಣಗಾಳಿ ಮೊದಲು ಕಷ್ಟದ ಹೋಳಿಗೆ ಸಿಗುತ್ತದೆ. ಅದು ಗಾಳಿಯಿಂದ ಹೆಚ್ಚೇನೂ ಕಸಿಯುವುದಿಲ್ಲ, ಉಳಿದ ಶಾಖ ಮೇಲಿನ ಹಸಿ ಹೋಳಿಗೆ. ಹಸಿ ಹೋಳಿನ ತೇವ ಮೇಲಿನಿಂದಲೇ ಹೊರಗೆ ಹೋಗುತ್ತದೆ, ಕೆಳಗಿನ ಒಣಗಿದ್ದಕ್ಕೆ ತಾಗುವುದಿಲ್ಲ."

"ಮಾಡಿ ನೋಡಿಲ್ಲ" ಅನ್ನುವ ಮಾತು ಅಲ್ಲಿತ್ತು, ಗಮನಿಸಿ. ಮಾಡದ್ದನ್ನು ಮಾಡಿದೆ ಎಂದು ಹೇಳಿ ಮುಂದಿನ ಪ್ರಶ್ನೆಯಲ್ಲಿ ಸಿಕ್ಕಿಕೊಳ್ಳುವವರನ್ನು ನೋಡಿ ನೋಡಿ ಸಾಕಾಗಿದೆ.

ಇನ್ನು ಆ ಮೂರು ವಾರಗಳ ಕಥೆ. ನಮ್ಮಂಥ ತಗಡಿನವರಿಗೆ ಬೇಕಾದದ್ದು ಇದೇ.

ಮೊದಲ ಬ್ಯಾಚಿನ ಒಟ್ಟು ತೂಕ ಸರಿಯಾಗಿತ್ತು, ನಾನೂರು ಗ್ರಾಮಿನ ಹತ್ತಿರ. ಕೈಯಲ್ಲಿ ಮುಟ್ಟಿದರೆ ಟ್ರೇ ಮಧ್ಯದ ಹೋಳು ಗರಿಗರಿ, ಮುರಿದರೆ ಟಕ್ಕೆನ್ನುತ್ತದೆ. ಅಂಚಿನ ಹೋಳು ಬಾಗುತ್ತದೆ, ಬೆರಳಿಗೆ ಅಂಟುತ್ತದೆ. ಅವಳು ಮಧ್ಯದ್ದನ್ನೂ ಅಂಚಿನದ್ದನ್ನೂ ಬೇರೆ ಬೇರೆ ತೂಗಿ, ಸ್ವಲ್ಪ ಸ್ವಲ್ಪ ಓವನ್ನಿನಲ್ಲಿಟ್ಟು ಪೂರ್ತಿ ಒಣಗಿಸಿ ನೋಡಿದಳು. ಮಧ್ಯದ ತೇವಾಂಶ 8 ಶೇಕಡಾ, ಅಂಚಿನದು 17. ಸರಾಸರಿ ಎಲ್ಲೋ ಹತ್ತರ ಮೇಲೆ ಕೂತಿತ್ತು. ಡಬ್ಬಿಗೆ ತುಂಬಿಸಿದರೆ ಬೂಸ್ಟು ಹಿಡಿಯುವ ಭಯ ಅಂಚಿನ ಹೋಳಿಗೆ, ಸರಾಸರಿಗೆ ಅಲ್ಲ. ಇದನ್ನು ಅವಳು ಅಷ್ಟೇ ಸಲೀಸಾಗಿ ಹೇಳಿದಳು.

ಕೆಳಗಿನ ಟ್ರೇ ಬೇಗ, ಮೇಲಿನದು ತಡ ಅನ್ನುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ಗಾಳಿ ಮೇಲೆ ಹೋಗುತ್ತಾ ತಣ್ಣಗಾಗಿ ತೇವ ಹೊತ್ತುಕೊಳ್ಳುತ್ತದೆ, ಟ್ರೇಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಒಂದೇ ಟ್ರೇಯಲ್ಲಿ ಮಧ್ಯಕ್ಕೂ ಅಂಚಿಗೂ ವ್ಯತ್ಯಾಸ ಬರುವುದು ಬೇರೆ ಕಥೆ. ಗಾಳಿ ಸಮನಾಗಿ ಹಂಚಿಕೆಯಾಗುತ್ತಿಲ್ಲ ಎಂದು ಅರ್ಥ. ತಂಡದವರು ಫ್ಯಾನ್ ಮೇಲೆ ಅನುಮಾನ ಪಟ್ಟರು. ಇನ್ನೊಂದು ಫ್ಯಾನ್ ತಂದರು. ವ್ಯತ್ಯಾಸ ಹಾಗೇ ಇತ್ತು. ಅಲ್ಲಿಗೆ ಎರಡು ವಾರ.

ಆಮೇಲೆ ಅವಳು ಮಾಡಿದ ಪ್ರಯೋಗಕ್ಕೆ ಖರ್ಚೇ ಇಲ್ಲ. ಕಲೆಕ್ಟರಿನಿಂದ ಗಾಳಿ ಕಪಾಟಿಗೆ ಬರುವ ಬಾಯಿಗೆ ಅಡ್ಡಲಾಗಿ ತಂತಿ ಕಟ್ಟಿ, ಅದರಿಂದ ಹತ್ತು ಹೊಲಿಗೆ ದಾರದ ತುಂಡುಗಳನ್ನು ಇಳಿಬಿಟ್ಟಳು. ಬೆಳಿಗ್ಗೆ ಬಿಸಿಲೇರುವ ಮೊದಲು ಫ್ಯಾನ್ ಹಾಕಿದಾಗ ಹತ್ತೂ ದಾರ ಒಂದೇ ಸಮ ಹಾರಾಡಿದವು. ಮಧ್ಯಾಹ್ನ ನೋಡಿದರೆ ನಡುವಿನ ನಾಲ್ಕು ದಾರ ಪಟಪಟ ಅನ್ನುತ್ತಿವೆ, ಅಂಚಿನವು ಸುಮ್ಮನೆ ನೇತಾಡುತ್ತಿವೆ. ತಣ್ಣಗಿದ್ದಾಗ ಸರಿ, ಬಿಸಿಯಾದಾಗ ತಪ್ಪು. ಹಾಗಾದರೆ ಫ್ಯಾನ್ ನಿರಪರಾಧಿ. ಬಿಸಿಗೆ ಆಕಾರ ಬದಲಿಸುವ ವಸ್ತು ಯಾವುದೋ ಒಳಗಿದೆ. ಆಗ ನೆನಪಾಯಿತಂತೆ: ಮೋಡ ಬಂದು ಹೋದಾಗಲೆಲ್ಲ ಪೆಟ್ಟಿಗೆಯೊಳಗಿನಿಂದ "ಟಪ್" ಎಂದು ಶಬ್ದ ಬರುತ್ತಿತ್ತು. ಗಾಜೆಂದು ಹೆದರಿದ್ದರು. ಅದು ತಗಡು.

ಅಲ್ಯೂಮಿನಿಯಂ ಒಂದು ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 23 ಭಾಗ ಹಿಗ್ಗುತ್ತದೆ. ತಗಡನ್ನು ಜೋಡಿಸಿದ್ದು ಸುಮಾರು 25 ಡಿಗ್ರಿಯಲ್ಲಿ, ಮಧ್ಯಾಹ್ನ ಅದು 85. ಏರಿಕೆ 60 ಡಿಗ್ರಿ. 1500 ಮಿಲಿಮೀಟರ್ ಉದ್ದಕ್ಕೆ ಹಿಗ್ಗು ಸುಮಾರು 2 ಮಿಲಿಮೀಟರ್. ಪೆಟ್ಟಿಗೆಯ ಚೌಕಟ್ಟು ಅಷ್ಟು ಬಿಸಿಯಾಗುವುದಿಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ತಗಡಿಗೆ ನಾಲ್ಕೂ ಕಡೆ ಸ್ಕ್ರೂ ಬಿಗಿದಿತ್ತು.

ಇಲ್ಲಿ ನನ್ನ ಪಕ್ಕದವರು ಬೇಕೆಂದೇ ಕೆಣಕಿದರು: "ಎರಡು ಮಿಲಿಮೀಟರಿಗೆ ಇಷ್ಟೆಲ್ಲಾ ರಾದ್ಧಾಂತವಾ?"

"ಉದ್ದದಲ್ಲಿ ಎರಡು ಸರ್. ಹೋಗಲು ಜಾಗವಿಲ್ಲದೆ ಒಂದೇ ಕಮಾನಾಗಿ ಎದ್ದರೆ ಎತ್ತರ 30 ಮಿಲಿಮೀಟರ್ ದಾಟುತ್ತದೆ."

ಲೆಕ್ಕ ಹಾಕಿ ನೋಡಿ. ತುದಿಗಳು ಅಲುಗದಂತೆ ಹಿಡಿದಿಟ್ಟ ಪಟ್ಟಿ ಸ್ವಲ್ಪ ಉದ್ದವಾದರೆ ನಡುವಿನ ಉಬ್ಬು, ಉದ್ದ ಮತ್ತು ಹಿಗ್ಗುಗಳ ಗುಣಲಬ್ಧದ ಎಂಟನೇ ಮೂರು ಭಾಗಕ್ಕೆ ವರ್ಗಮೂಲ. 1500 ಗುಣಿಸು 2, ಅಂದರೆ 3000. ಅದರ ಎಂಟನೇ ಮೂರು ಭಾಗ 1125. ವರ್ಗಮೂಲ ಸುಮಾರು 33. ನಿಜವಾದ ತಗಡಿಗೆ ನಾಲ್ಕೂ ಅಂಚು ಬಿಗಿದಿರುವುದರಿಂದ ಅದು ಕಮಾನಾಗದೆ ಗುಮ್ಮಟದಂತೆ ಏಳುತ್ತದೆ, ಎತ್ತರವೂ ಸ್ವಲ್ಪ ಕಡಿಮೆ. ಆದರೂ 40 ಮಿಲಿಮೀಟರ್ ಸಂದು ನಡುವೆ ಅಗಲವಾಗಿ, ಅಂಚಿನಲ್ಲಿ ಇದ್ದಷ್ಟೇ ಉಳಿಯಿತು. ಗಾಳಿ ಸಲೀಸಾದ ದಾರಿ ಹಿಡಿಯುತ್ತದೆ. ಮಧ್ಯದ ಹೋಳು ಗರಿಗರಿಯಾದದ್ದು ಹೀಗೆ.

ಅವಳ ಮೊದಲ ಪರಿಹಾರ ಪುಸ್ತಕದ್ದು. ಉದ್ದದ ನಡುವಿನ ಸ್ಕ್ರೂ ಬಿಗಿಯಾಗಿಯೇ ಇರಲಿ, ಮಿಕ್ಕ ತೂತುಗಳನ್ನು ಉದ್ದದ ದಿಕ್ಕಿನಲ್ಲಿ ಸ್ಲಾಟ್ ಮಾಡುವುದು. ಸ್ಕ್ರೂ 4 ಮಿಲಿಮೀಟರ್, ಸ್ಲಾಟಿನ ಉದ್ದ 8. "6 ಯಾಕಲ್ಲ?" ಎಂದು ಕೇಳಿದೆ. "ನಡು ಬಿಗಿದಿರುವುದರಿಂದ ಒಂದೊಂದು ತುದಿಗೆ ಹಿಗ್ಗು 1 ಮಿಲಿಮೀಟರ್. 6ರ ಸ್ಲಾಟಿನಲ್ಲಿ ಸ್ಕ್ರೂಗೆ ಆಚೆ 1, ಈಚೆ 1 ಮಾತ್ರ ಜಾಗ. ನಾನು ಕೈಯಲ್ಲಿ ಕೊರೆಯುವಾಗ ಅರ್ಧ ಮಿಲಿಮೀಟರ್ ಆಚೀಚೆ ಆಗಿಯೇ ಆಗುತ್ತದೆ. 8 ಇದ್ದರೆ ಎರಡೂ ಕಡೆ 2 ಸಿಗುತ್ತದೆ." ತನ್ನ ಕೈಯ ತಪ್ಪನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿದ್ದಳು. ಡ್ರಾಯಿಂಗಿನಲ್ಲಿ ಟಾಲರೆನ್ಸ್ ಬರೆಯುವವರಲ್ಲೂ ಅದು ಎಷ್ಟು ಜನರಿಗೆ ಹೊಳೆಯುತ್ತದೋ.

ಆದರೂ ಉಬ್ಬು ಪೂರ್ತಿ ಹೋಗಲಿಲ್ಲ. ಅಗಲವನ್ನು ಮರೆತಿದ್ದಳು. ಒಂದು ಮೀಟರ್ ಅಗಲವೂ 1.4 ಮಿಲಿಮೀಟರ್ ಹಿಗ್ಗುತ್ತದೆ, ಸ್ಲಾಟುಗಳೆಲ್ಲ ಉದ್ದದ ದಿಕ್ಕಿಗೇ ಇದ್ದವು. ಇದನ್ನು ನಾವು ಕೇಳಿ ಹೊರಡಿಸಬೇಕಾಗಲಿಲ್ಲ, ಅವಳೇ ಹೇಳಿದಳು, ಸ್ವಲ್ಪ ನಕ್ಕು. ಎರಡನೇ ಸಲ ಸ್ಲಾಟುಗಳನ್ನೆಲ್ಲ ಕೊರೆದು 8 ಮಿಲಿಮೀಟರಿನ ದುಂಡು ತೂತು ಮಾಡಿ ಮೇಲೆ ಅಗಲ ವಾಷರ್ ಹಾಕಿದಳು. ದುಂಡು ತೂತಿಗೆ ದಿಕ್ಕಿಲ್ಲ, ತಗಡು ಯಾವ ಕಡೆಗಾದರೂ ಸರಿಯಬಹುದು. ಆಮೇಲಿನ ಬ್ಯಾಚಿನಲ್ಲಿ ಮಧ್ಯ 9, ಅಂಚು 12.

ಕೊನೆಗೆ ನಾವು ಎಲ್ಲರಿಗೂ ಕೇಳುವ ಪ್ರಶ್ನೆ: "ಇಂಥವು ಐವತ್ತು ಮಾಡಬೇಕು. ಏನು ಬದಲಿಸುತ್ತೀರಿ?"

ಸಾಮಾನ್ಯವಾಗಿ ಬರುವ ಉತ್ತರ ಸೆನ್ಸರ್, ಮೊಬೈಲ್ ಆ್ಯಪ್. ಅವಳು ತೂತಿನಲ್ಲೇ ಇದ್ದಳು. ದುಂಡು ತೂತನ್ನು ಪಂಚಿನಲ್ಲಿ ಒಂದೇ ಏಟಿಗೆ ಹೊಡೆಯಬಹುದು, ಸ್ಲಾಟಿಗೆ ಬೇರೆ ಟೂಲ್ ಬೇಕು ಅಥವಾ ಎರಡು ಏಟು ಬೇಕು. ಚೌಕಟ್ಟಿನ ತೂತುಗಳಿಗೆ ಒಂದು ಜಿಗ್ ಮಾಡಿಕೊಂಡರೆ ಗುರುತು ಹಾಕುವ ಕೆಲಸವೇ ಇಲ್ಲ. ವಾಷರ್ ಮಾತ್ರ 12 ಮಿಲಿಮೀಟರಿನದು ಸಾಲದು ಎಂದಳು. ಕಾಗದದ ಮೇಲೆ ಮೂರು ವೃತ್ತ ಎಳೆದು ತೋರಿಸಿದಳು: ಸ್ಕ್ರೂ ತೂತಿನ ಒಂದು ಬದಿಗೆ 2 ಮಿಲಿಮೀಟರ್ ಸರಿದು ನಿಂತರೆ 12ರ ವಾಷರಿನ ಆಚೆ ಅಂಚು ಸರಿಯಾಗಿ ತೂತಿನ ಅಂಚಿಗೇ ಬಂದು ನಿಲ್ಲುತ್ತದೆ. ಕೂದಲೆಳೆಯಷ್ಟು ಹೆಚ್ಚಾದರೂ ಗಾಳಿ ಸೋರುತ್ತದೆ. 16ರದ್ದು ಹಾಕಿದರೆ ಆಗಲೂ 2 ಮಿಲಿಮೀಟರ್ ಮುಚ್ಚಿಕೊಂಡಿರುತ್ತದೆ.

"ನಿಮ್ಮ ಡ್ರೈಯರಿನಲ್ಲಿ ಯಾವುದು ಹಾಕಿದ್ದೀರಿ?" ಎಂದು ಕೇಳಿದೆ.

"12ರದ್ದೇ ಸರ್, ಅಂಗಡಿಯಲ್ಲಿ ಅದೇ ಸಿಕ್ಕಿತು. ಅಡಿಗೆ ರಬ್ಬರ್ ಶೀಟಿನ ಬಿಲ್ಲೆ ಕತ್ತರಿಸಿ ಇಟ್ಟಿದ್ದೇನೆ. ಎರಡು ತಿಂಗಳಿಂದ ಸೋರಿಲ್ಲ. ಬಿಸಿಗೆ ಆ ರಬ್ಬರ್ ಗಟ್ಟಿಯಾಗುತ್ತಾ ಬಂದಿದೆ, ಉಗುರಿನಲ್ಲಿ ಒತ್ತಿದರೆ ಮೊದಲಿನಷ್ಟು ತಗ್ಗುವುದಿಲ್ಲ. ಮುಂದಿನ ಬೇಸಿಗೆಗೆ ಅದನ್ನು ತೆಗೆದು ಸಿಲಿಕೋನ್ ಹಾಕಬೇಕು."